ಎರಡನೇ ಅಂಗಡಿಗೆ ಮಾಲೀಕನ ಮುಖವಿಲ್ಲ

ರಾಯದುರ್ಗದಂಥ ಊರಿನಲ್ಲಿ ಒಂದೇ ಅಂಗಡಿ ಇಟ್ಟವನಿಗೆ ನಾಮಫಲಕದ ಹಂಗು ಅಷ್ಟಾಗಿ ಇರುವುದಿಲ್ಲ. ಬೋರ್ಡಿನ ಮೇಲೆ ಏನೇ ಬರೆದಿರಲಿ, ಜನ ಅದನ್ನು ಶೆಟ್ಟರ ಅಂಗಡಿ, ರೆಡ್ಡಿಯವರ ಅಂಗಡಿ, ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿ ಎಂದೇ ಕರೆಯುತ್ತಾರೆ. ಗಲ್ಲಾದ ಮುಂದೆ ಕೂತ ಮಾಲೀಕನೇ ಅಲ್ಲಿ ಗುರುತು, ಅವನೇ ಭರವಸೆ. ಬಟ್ಟೆ ಬಣ್ಣ ಬಿಟ್ಟರೆ ಯಾರನ್ನು ಕೇಳಬೇಕು, ಹಬ್ಬಕ್ಕೆ ಉದ್ರಿ ಬೇಕಾದರೆ ಯಾರ ಮುಂದೆ ಬಾಯಿ ಬಿಡಬೇಕು ಎಂಬುದೆಲ್ಲ ಗಿರಾಕಿಗೆ ಗೊತ್ತು. ತೊಂದರೆ ಶುರುವಾಗುವುದು ಅದೇ ಮಾಲೀಕ ಮಡಕಶಿರದಲ್ಲಿ ಇನ್ನೊಂದು ಅಂಗಡಿ ತೆರೆದಾಗ. ಅವನು ಒಂದೇ ಹೊತ್ತಿಗೆ ಎರಡು ಗಲ್ಲಾದಲ್ಲಿ ಕೂರಲಾರ. ಇಷ್ಟು ದಿನ ಅವನ ಮುಖ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಬೋರ್ಡು ಮಾಡಬೇಕು, ಒಳಗಿನ ಜೋಡಣೆ ಮಾಡಬೇಕು, ಬೆಲೆಯ ಚೀಟಿ ಮಾಡಬೇಕು. ಸಣ್ಣ ಸರಣಿ ಅಂಗಡಿಗಳ ಮಟ್ಟಿಗೆ ಬ್ರ್ಯಾಂಡ್ ಎಂದರೆ ಇಷ್ಟೇ: ಮಾಲೀಕ ಇಲ್ಲದ ಕಡೆ ಅವನ ಬದಲು ನಿಲ್ಲುವ ವಸ್ತುಗಳು. ಈ ದೃಷ್ಟಿಯಿಂದ ನೋಡಿದರೆ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಎಂಬ ಲೆಕ್ಕ ನಾವು ಸಾಮಾನ್ಯವಾಗಿ ಹಾಕುವುದಕ್ಕಿಂತ ಬೇರೆಯಾಗಿಯೇ ಬರುತ್ತದೆ.

ಈ ಎರಡು ಊರುಗಳನ್ನು ಆರಿಸಿಕೊಳ್ಳಲು ಕಾರಣವಿದೆ. 1953ರಲ್ಲಿ ಆಂಧ್ರ ರಾಜ್ಯ ಹುಟ್ಟುವವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆದವಾನಿ, ಆಲೂರುಗಳ ಜೊತೆ ಅದೂ ಆಂಧ್ರಕ್ಕೆ ಸೇರಿತು, ಬಳ್ಳಾರಿಯ ಬಹುಭಾಗ ಮೈಸೂರಿಗೆ ಬಂತು. ಮಡಕಶಿರ ಹಳೆಯ ಅನಂತಪುರ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಮೂರು ಕಡೆ ಕರ್ನಾಟಕ ಸುತ್ತುವರಿದ ನಾಲಿಗೆಯಂಥ ಭೂಭಾಗದಲ್ಲಿದೆ. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಎರಡೂ ಕಡೆ ಹಲವರ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ ನಡೆಯುತ್ತವೆ. ರಾಯದುರ್ಗದವರು ದೊಡ್ಡ ಖರೀದಿಗೆ ಬಳ್ಳಾರಿಗೆ ಹೋಗುತ್ತಾರೆ, ಮಡಕಶಿರದವರು ಹಿಂದೂಪುರಕ್ಕೋ ಶಿರಾಕ್ಕೋ ಹೋಗುತ್ತಾರೆ. ದೊಡ್ಡ ಶೋರೂಮುಗಳನ್ನು ನೋಡಿ ಬಂದ ಕಣ್ಣು ಅವರದು. ಇಲ್ಲಿ ಅಂಗಡಿಯ ಗುರುತನ್ನು ಕಾಯ್ದುಕೊಳ್ಳುವುದು ಬೆಂಗಳೂರಿನ ಎರಡು ಬಡಾವಣೆಗಳಲ್ಲಿ ಕಾಯ್ದುಕೊಳ್ಳುವುದಕ್ಕಿಂತ ಕಷ್ಟ, ಏಕೆಂದರೆ ಒಂದೇ ಹೆಸರು ಎರಡು ಲಿಪಿಯಲ್ಲಿ ನಿಲ್ಲಬೇಕು.

ಮೊದಲು ಹೊರಗಿನ ಬೋರ್ಡು. ಸಣ್ಣ ಊರಿನ ಪೇಟೆಬೀದಿಯಲ್ಲಿ ನಿಂತು ನೋಡಿದರೆ ಅರ್ಧಕ್ಕರ್ಧ ಬೋರ್ಡುಗಳು ಅಂಗಡಿಯವರವೇ ಅಲ್ಲ. ತಂಪು ಪಾನೀಯದ ಕಂಪನಿ, ಬಣ್ಣದ ಕಂಪನಿ, ಮೊಬೈಲ್ ಕಂಪನಿಗಳು ಪುಕ್ಕಟೆಯಾಗಿ ಹಾಕಿಸಿಕೊಟ್ಟವು. ಮುಕ್ಕಾಲು ಜಾಗ ಕಂಪನಿಯದು, ಉಳಿದ ಪಟ್ಟಿಯಲ್ಲಿ ಅಂಗಡಿಯ ಹೆಸರು. ಒಂದೇ ಅಂಗಡಿ ಇದ್ದವನಿಗೆ ಇದು ಲಾಭದ ವ್ಯವಹಾರವೇ, ಅವನನ್ನು ಬೋರ್ಡು ನೋಡಿ ಹುಡುಕುವವರಿಲ್ಲ. ಎರಡು ಅಂಗಡಿ ಆದವನಿಗೆ ಇದಕ್ಕಿಂತ ದುಬಾರಿ ಬೋರ್ಡು ಇನ್ನೊಂದಿಲ್ಲ. ರಾಯದುರ್ಗದ ಅಂಗಡಿಗೆ ಒಂದು ಕಂಪನಿಯ ಕೆಂಪು, ಮಡಕಶಿರದ್ದಕ್ಕೆ ಇನ್ನೊಂದರ ನೀಲಿ ಎಂದಾದರೆ, ಎರಡೂ ಒಬ್ಬರವೇ ಎಂದು ಹೇಳಲು ಉಳಿಯುವುದು ಆ ಸಣ್ಣ ಪಟ್ಟಿಯಷ್ಟೇ. ಅಕ್ಕಪಕ್ಕದ ಹತ್ತು ಅಂಗಡಿಗಳಿಗೂ ಅದೇ ಕೆಂಪು ಇದ್ದರಂತೂ ಗುರುತು ಪೂರ್ತಿ ಅಳಿಸಿಹೋದ ಹಾಗೆ.

ಸ್ವಂತ ಬೋರ್ಡು ಹಾಕಿಸಿದವರೂ ಅದರಲ್ಲಿ ತುಂಬುವುದು ಹೆಚ್ಚು. ಅಕ್ಷರದ ಎತ್ತರಕ್ಕೂ ಓದುವ ದೂರಕ್ಕೂ ಬೋರ್ಡು ಮಾಡುವವರು ಪಾಲಿಸುವ ಒಂದು ಸ್ಥೂಲ ಲೆಕ್ಕವಿದೆ: ಒಂದು ಅಂಗುಲ ಎತ್ತರದ ಅಕ್ಷರವನ್ನು ಸುಮಾರು 10 ಅಡಿಯಿಂದ ಆರಾಮವಾಗಿ ಓದಬಹುದು. ಈ ಲೆಕ್ಕ ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಹುಟ್ಟಿದ್ದು. ಕನ್ನಡ, ತೆಲುಗುಗಳಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಬರುವುದರಿಂದ ಸಾಲಿನ ಎತ್ತರದಲ್ಲಿ ಮೂಲ ಅಕ್ಷರಕ್ಕೆ ಸಿಗುವುದು ಹೆಚ್ಚುಕಡಿಮೆ ಅರ್ಧ. 10 ಅಡಿ ಅಗಲ, 3 ಅಡಿ ಎತ್ತರದ ಒಂದು ಬೋರ್ಡನ್ನೇ ತೆಗೆದುಕೊಳ್ಳೋಣ. ಎತ್ತರ 36 ಅಂಗುಲ. ಮೇಲೆ ಕೆಳಗೆ ನಾಲ್ಕು ನಾಲ್ಕು ಅಂಗುಲ ಖಾಲಿ ಬಿಟ್ಟು, ಎರಡು ಲಿಪಿಯ ಸಾಲುಗಳ ನಡುವೆ ಇನ್ನೊಂದು ನಾಲ್ಕು ಬಿಟ್ಟರೆ ಉಳಿಯುವುದು 24. ಒಂದೊಂದು ಸಾಲಿಗೆ 12, ಮೂಲ ಅಕ್ಷರಕ್ಕೆ 6. ಅಂದರೆ 60 ಅಡಿ ದೂರದಿಂದ ಓದಬಹುದು, ರಸ್ತೆಯ ಆಚೆ ಬದಿಯಲ್ಲಿ ಬಸ್ಸಿನಿಂದ ಇಳಿದವರಿಗೆ ಧಾರಾಳ ಸಾಕು. ಈಗ ಅದೇ ಬೋರ್ಡಿನ ಕೆಳಗೆ ಫೋನ್ ನಂಬರು, ಪ್ರೊಪ್ರೈಟರ್ ಹೆಸರು, ವಿಳಾಸಕ್ಕೆ ಎಂಟು ಅಂಗುಲದ ಪಟ್ಟಿ ಹಾಕಿ, ಮೇಲೆ ದೇವರ ಚಿತ್ರಕ್ಕೂ ‘ಪ್ರಸನ್ನ’ಕ್ಕೂ ಒಂದು ಅಡಿ ಬಿಡಿ. ಉಳಿದ 16 ಅಂಗುಲದಲ್ಲಿ ಅಂಚು, ಸಂದು ಎಂದು ನಾಲ್ಕು ಹೋದರೆ ಒಂದೊಂದು ಸಾಲಿಗೆ ಆರು, ಮೂಲ ಅಕ್ಷರಕ್ಕೆ ಮೂರು. ಓದುವ ದೂರ 30 ಅಡಿಗೆ ಇಳಿಯಿತು. ಬಾಗಿಲಿಗೆ ಬಂದವನಿಗೆ ಬಾಗಿಲಲ್ಲೇ ಬೇಕಾದ ಫೋನ್ ನಂಬರಿಗಾಗಿ, ಇನ್ನೂ ಬಾರದವನಿಗೆ ಬೇಕಾದ ಹೆಸರನ್ನು ಅರ್ಧ ಮಾಡಿದಂತಾಯಿತು. ದೇವರ ಹೆಸರು ಬೇಡವೆಂದು ಯಾರೂ ಹೇಳುವುದಿಲ್ಲ. ಅದಕ್ಕೆ ಶಟರಿನ ಮೇಲಿನ ಪಟ್ಟಿಯೋ ಗಲ್ಲಾದ ಹಿಂದಿನ ಗೋಡೆಯೋ ಇದೆ.

ಇನ್ನು ಎರಡು ಲಿಪಿಯ ಪ್ರಶ್ನೆ. ಆಂಧ್ರದ ಅಂಗಡಿ ನಿಯಮಗಳ ಪ್ರಕಾರ ಬೋರ್ಡಿನಲ್ಲಿ ತೆಲುಗು ಇರಬೇಕು, ಬೇರೆ ಭಾಷೆ ಇದ್ದರೆ ಅದು ತೆಲುಗಿನ ಕೆಳಗೆ. ಗಡಿ ದಾಟಿ ಪಾವಗಡದಲ್ಲೋ ಮೊಳಕಾಲ್ಮೂರಿನಲ್ಲೋ ಮೂರನೇ ಅಂಗಡಿ ತೆರೆದರೆ ನಿಯಮ ತಲೆಕೆಳಗು. ಕರ್ನಾಟಕದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯಂತೆ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಹೀಗಾಗಿ ಸಾಲುಗಳ ಕ್ರಮವನ್ನು ಸರಣಿಯ ಗುರುತಾಗಿ ಮಾಡಿಕೊಳ್ಳಲು ಸಾಧ್ಯವೇ ಇಲ್ಲ. ಸಾಧ್ಯವಿರುವುದು ಎರಡು. ಮೊದಲನೆಯದು, ಬೋರ್ಡಿನ ಎಡತುದಿಯಲ್ಲಿ ಒಂದು ಚೌಕವನ್ನು ಯಾವ ಲಿಪಿಗೂ ಸೇರದ ಚಿಹ್ನೆಗೆ ಮೀಸಲಿಡುವುದು. ಸಾಲುಗಳು ಮೇಲೆ ಕೆಳಗಾದರೂ ಚೌಕ, ನೆಲದ ಬಣ್ಣ, ಅಂಚು ಇದ್ದಲ್ಲೇ ಇರುತ್ತವೆ. ಎರಡನೆಯದು ಹೆಸರಿಡುವಾಗಲೇ ಮಾಡಬೇಕಾದ ಕೆಲಸ. ಕನ್ನಡ, ತೆಲುಗು ಲಿಪಿಗಳು ಒಂದೇ ಬೇರಿನವು. ನ, ದ, ರ, ಲ, ಮ, ಯ, ಬ, ವ ಇವೆಲ್ಲ ತಲೆಕಟ್ಟಿನ ವ್ಯತ್ಯಾಸ ಬಿಟ್ಟರೆ ಎರಡರಲ್ಲೂ ಒಂದೇ ಆಕಾರ. ಕ, ತ, ಶ, ಚ, ಹ ಬೇರೆ ಬೇರೆ. ಏತ್ವ, ಓತ್ವಗಳೂ ಹಾಗೆಯೇ: ತೆಲುಗಿನಲ್ಲಿ ತಲೆಯ ಮೇಲೆ ಕೂರುತ್ತವೆ, ಕನ್ನಡದಲ್ಲಿ ಬಲಕ್ಕೆ ಚಾಚಿಕೊಳ್ಳುತ್ತವೆ. ‘ನಂದಿನಿ’ ಎಂಬ ಹೆಸರನ್ನು ಎರಡೂ ಲಿಪಿಯಲ್ಲಿ ಬರೆದು ನೋಡಿ, ಕನ್ನಡ ಬಲ್ಲವರು ತೆಲುಗಿನದನ್ನೂ ತಡೆಯಿಲ್ಲದೆ ಓದುತ್ತಾರೆ. ‘ಶ್ರೀಕೃಷ್ಣ ಕಲೆಕ್ಷನ್ಸ್’ ಎಂದು ಬರೆದು ನೋಡಿ, ಎರಡು ಬೋರ್ಡು ಎರಡು ಅಂಗಡಿಯವೇ ಎನಿಸುತ್ತದೆ. ಹೆಸರು ಇನ್ನೂ ಇಟ್ಟಿಲ್ಲದವರಿಗೆ ಇದು ಖರ್ಚಿಲ್ಲದ ಅನುಕೂಲ. ಇಟ್ಟಾಗಿದ್ದರೆ ಚೌಕವೇ ಗತಿ.

ಅಚ್ಚಿನ ಹಂತದಲ್ಲಿ ಕೆಡುವುದು ಇನ್ನೂ ಬೇರೆ. ಕರ್ನಾಟಕದ ಫ್ಲೆಕ್ಸ್ ಅಂಗಡಿಯವರ ಕಂಪ್ಯೂಟರಿನಲ್ಲಿ ನುಡಿ, ಬರಹ ಇದ್ದರೆ, ಆಂಧ್ರದವರ ಬಳಿ ಅನು ಫಾಂಟುಗಳು. ಕನ್ನಡದ ಹಳೆಯ ಫಾಂಟಿನಲ್ಲಿ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಗೋಜಲಾಗುತ್ತದೆ. ಅಲ್ಲಿಯವರು ಕೈಗೆ ಸಿಕ್ಕ ಇನ್ನೊಂದು ಫಾಂಟಿನಲ್ಲಿ ಮತ್ತೆ ಟೈಪಿಸುತ್ತಾರೆ, ಒತ್ತು ಅಕ್ಷರದಿಂದ ಬೇರ್ಪಟ್ಟು ಪಕ್ಕಕ್ಕೆ ಬೀಳುತ್ತದೆ. ಇದಕ್ಕೆ ಮದ್ದು ಸುಲಭ: ಅಕ್ಷರಗಳನ್ನು ಒಮ್ಮೆ ಸರಿಯಾಗಿ ಕೂರಿಸಿ, ಕರ್ವ್‌ಗಳಾಗಿ ಪರಿವರ್ತಿಸಿದ ಫೈಲನ್ನು ಮಾಲೀಕ ತನ್ನ ಬಳಿ ಇಟ್ಟುಕೊಳ್ಳುವುದು. ಆಗ ಅದು ಚಿತ್ರವಿದ್ದಂತೆ, ಯಾವ ಊರಿನ ಕಂಪ್ಯೂಟರಿನಲ್ಲೂ ಮುರಿಯದು. ಫ್ಲೆಕ್ಸಿನ ಬಣ್ಣಕ್ಕೆ ಮಾತ್ರ ಇಂಥ ಮದ್ದಿಲ್ಲ. ಅನಂತಪುರದ ಬಿಸಿಲಿಗೆ ಕೆಂಪು, ಹಳದಿ ಮೊದಲು ಮಾಸಿ ಬೋರ್ಡು ನೀಲಿಗೆ ತಿರುಗುತ್ತದೆ. ಈ ವರ್ಷ ತೆರೆದ ಅಂಗಡಿಯ ಕೆಂಪಿಗೂ ಮೂರು ಬೇಸಿಗೆ ಕಂಡ ಅಂಗಡಿಯ ಕೆಂಪಿಗೂ ಸಂಬಂಧವೇ ಉಳಿಯುವುದಿಲ್ಲ. ಅಲ್ಯುಮಿನಿಯಂ ಕಾಂಪೋಸಿಟ್ ಹಾಳೆಯನ್ನು, ಅಂದರೆ ಎಲ್ಲರೂ ಎಸಿಪಿ ಎನ್ನುವುದನ್ನು, ಕೋಡ್ ಸಂಖ್ಯೆ ಹೇಳಿ ತರಿಸಿ ಅದರ ಮೇಲೆ ಅಕ್ಷರ ಕತ್ತರಿಸಿ ಅಂಟಿಸುವುದು ದುಬಾರಿ ನಿಜ. ಆದರೆ ಸರಣಿ ನಡೆಸುವವರಿಗೆ ಎರಡನೇ ಅಂಗಡಿಯಲ್ಲೂ ಅದೇ ಬಣ್ಣ ಸಿಗುವ ಖಾತರಿ ಅದರಲ್ಲಿದೆ. ಅದು ಕೈಗೆಟುಕದಿದ್ದರೆ ಗುರುತಿನ ಬಣ್ಣವಾಗಿ ಕೆಂಪನ್ನು ಆರಿಸದಿರುವುದೇ ಜಾಣತನ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದೂ ಅಲ್ಲ. ಸಣ್ಣ ಊರಿನಲ್ಲಿ ವ್ಯಾಪಾರ ನಡೆಯುವುದು ಪರಿಚಯದಿಂದ, ಉದ್ರಿಯಿಂದ, ಜಾತಿ ನೆಂಟಸ್ತಿಕೆಯಿಂದ, ಬೋರ್ಡು ನೋಡಿ ಬರುವವರು ಯಾರು ಎನ್ನುವುದು. ಮೊದಲ ಅಂಗಡಿಯ ಮಟ್ಟಿಗೆ ಈ ಮಾತು ಪೂರ್ತಿ ಸರಿ. ಎರಡನೆಯದರಲ್ಲಿ ಆ ಪರಿಚಯ ಇರುವುದು ಪಗಾರದ ಮ್ಯಾನೇಜರನಿಗೆ. ಅವನು ನಾಳೆ ಕೆಲಸ ಬಿಟ್ಟು ಎದುರಿಗೇ ಸ್ವಂತ ಅಂಗಡಿ ಹಾಕಿದರೆ ಗಿರಾಕಿಯೂ ಅವನ ಹಿಂದೆ ಹೋಗುತ್ತಾನೆ. ಪರಿಚಯದ ಮೇಲೆ ನಿಂತ ಸರಣಿ ಮಾಲೀಕನದಾಗಿ ಉಳಿಯುವುದಿಲ್ಲ, ಊರೂರಿನ ಮ್ಯಾನೇಜರುಗಳದಾಗುತ್ತದೆ. ಆದ್ದರಿಂದ ಆಕ್ಷೇಪವೇ ನನ್ನ ವಾದಕ್ಕೆ ಪುಷ್ಟಿ ಕೊಡುತ್ತದೆ. ಹಾಗೆಂದು ಬೋರ್ಡೊಂದೇ ಪರಿಚಯದ ಜಾಗ ತುಂಬುತ್ತದೆ ಎಂದರೆ ಅದೂ ಸುಳ್ಳು. ಅದು ಒಳಗೆ ಕರೆಯುತ್ತದೆ, ಅಷ್ಟೇ. ಒಳಗೆ ಬಂದವನಿಗೆ ಇಲ್ಲಿ ಮೋಸವಿಲ್ಲ ಎಂದು ಹೇಳಬೇಕಾದದ್ದು ಬೇರೆ.

ಅದನ್ನು ಚೆನ್ನಾಗಿ ತೋರಿಸುವ ಉದಾಹರಣೆ ಹಾಪ್‌ಕಾಮ್ಸ್. ತೋಟಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ 1959ರಲ್ಲಿ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಸಂಸ್ಥೆ ಅದು. ಅದರ ಮಳಿಗೆಗಳಲ್ಲಿ ಅಲಂಕಾರವೇನೂ ಇಲ್ಲ. ರಸ್ತೆ ಬದಿಯ ಪುಟ್ಟ ಕಟ್ಟಡ, ಮುಂದಕ್ಕೆ ಬಾಗಿಸಿ ಜೋಡಿಸಿದ ತಟ್ಟೆಗಳಲ್ಲಿ ಹಣ್ಣು ತರಕಾರಿ, ಗಿರಾಕಿಗೆ ಕಾಣುವ ತಕ್ಕಡಿ, ಆ ದಿನದ ದರ ಬರೆದ ಹಲಗೆ. ಇಡೀ ಜೋಡಣೆಯ ಜೀವ ಆ ಹಲಗೆಯಲ್ಲಿದೆ. ದರ ನಿಗದಿಯಾಗುವುದು ಸಂಸ್ಥೆಯಲ್ಲಿ, ಮಳಿಗೆಯಲ್ಲಿ ಕೂತವನಿಗೆ ಅದನ್ನು ಬದಲಿಸುವ ಅಧಿಕಾರವಿಲ್ಲ ಎಂಬುದನ್ನು ಹಲಗೆ ದಿನವೂ ಹೇಳುತ್ತದೆ. ಚೌಕಾಸಿಯೇ ರೂಢಿಯಾದ ತರಕಾರಿ ವ್ಯಾಪಾರದಲ್ಲಿ ಗಿರಾಕಿ ಅಪರಿಚಿತ ಮಾರಾಟಗಾರನನ್ನು ನಂಬಿದ್ದು ಅದರಿಂದ. ಇತ್ತೀಚಿನ ವರ್ಷಗಳಲ್ಲಿ ಹಾಪ್‌ಕಾಮ್ಸ್ ಕಷ್ಟದಲ್ಲಿದೆಯಲ್ಲ ಎನ್ನಬಹುದು. ಇದೆ. ಒಳ್ಳೆಯ ಜೋಡಣೆ ಪೈಪೋಟಿಯನ್ನೂ ಆಡಳಿತದ ತೊಡಕನ್ನೂ ತಡೆಯಲಾರದು. ಆದರೆ ಮಾಲೀಕನೆಂಬ ಒಬ್ಬ ವ್ಯಕ್ತಿಯೇ ಇಲ್ಲದ ಸರಣಿ ಹಲವು ದಶಕ ನಂಬಿಕೆ ಉಳಿಸಿಕೊಂಡದ್ದೂ ನಿಜ. ಬಟ್ಟೆ ಅಂಗಡಿಗೆ ಇದನ್ನು ಅನ್ವಯಿಸುವುದೆಂದರೆ, ರಾಯದುರ್ಗದಲ್ಲಿ ಹೊಲಿದ ಜೀನ್ಸ್ ಪ್ಯಾಂಟಿಗೆ ಎರಡೂ ಊರಿನಲ್ಲಿ ಒಂದೇ ಬೆಲೆಯ ಅಚ್ಚಾದ ಚೀಟಿ, ಗಿರಾಕಿಯ ಕೈಗೆ ಸಿಗುವ ಜಾಗದಲ್ಲಿ. ‘ಕೇಳಿ ಹೇಳ್ತೀನಿ’ ಎನ್ನುವ ಗುಮಾಸ್ತನಿಗೆ ಅಲ್ಲಿ ಕೆಲಸವಿರಬಾರದು.

ಒಳಜೋಡಣೆಯ ಎರಡನೇ ಮಾತು ಜಾಗದ್ದು. ಇಲ್ಲಿನ ಮಳಿಗೆಗಳು ಸಾಮಾನ್ಯವಾಗಿ ಒಂದು ಶಟರಿನವು, ಅಗಲ 10 ಅಡಿಯ ಆಸುಪಾಸು, ಉದ್ದ 20ರಿಂದ 30. ಎರಡೂ ಗೋಡೆಗೆ 15 ಅಂಗುಲದ ಕಪಾಟು ಹಾಕಿದರೆ ನಡುವೆ ಏಳೂವರೆ ಅಡಿ ಉಳಿಯುತ್ತದೆ. ಅಲ್ಲಿ 3 ಅಡಿ ಅಗಲದ ಮೇಜಿಟ್ಟು ಬಟ್ಟೆ ಹರವುವುದು ರೂಢಿ. ಆಗ ಎರಡು ಬದಿಗೂ ಸಿಗುವುದು ಎರಡೂಕಾಲು ಅಡಿ. ಒಬ್ಬರು ನಿಂತು ಬಟ್ಟೆ ನೋಡುತ್ತಿದ್ದರೆ ಇನ್ನೊಬ್ಬರು ಅವರ ಬೆನ್ನಿಗೆ ತಾಗಿಕೊಂಡೇ ದಾಟಬೇಕು. ಅಂಗಡಿಗಳಲ್ಲಿ ಗಿರಾಕಿಗಳ ನಡೆಯನ್ನು ವರ್ಷಗಟ್ಟಲೆ ಗಮನಿಸಿದ ಅಮೆರಿಕದ ಪಾಕೊ ಅಂಡರ್‌ಹಿಲ್ 1999ರ ತನ್ನ ಪುಸ್ತಕದಲ್ಲಿ ಇದನ್ನೇ ಹೇಳಿದ್ದಾನೆ: ಹಿಂದಿನಿಂದ ಮೈ ತಾಗಿದರೆ ಗಿರಾಕಿ, ಅದರಲ್ಲೂ ಹೆಂಗಸರು, ಇಷ್ಟವಾದ ವಸ್ತುವನ್ನೂ ಬಿಟ್ಟು ಸರಿಯುತ್ತಾರೆ. ಮನೆಮಂದಿಯೆಲ್ಲ ಒಟ್ಟಿಗೆ ಖರೀದಿಗೆ ಬರುವ ನಮ್ಮ ಕಡೆ ಇದು ಇನ್ನೂ ಹೆಚ್ಚು ನಿಜವಾಗಿರಬೇಕು. ಮೇಜಿನ ಬದಲು ಒಂದೂವರೆ ಅಡಿ ಅಗಲದ ಒಂಟಿ ಪೈಪಿನ ಸ್ಟ್ಯಾಂಡು ಇಟ್ಟರೆ ಎರಡೂ ಬದಿಗೆ 3 ಅಡಿ ದಾರಿ ಸಿಗುತ್ತದೆ. ಸರಣಿಗೆ ನಿಯಮ ಬರೆಯುವವರು ಬರೆಯಬೇಕಾದದ್ದು ಈ 3 ಅಡಿಯನ್ನು. ಮಡಕಶಿರದ ಮಳಿಗೆ 12 ಅಡಿ ಅಗಲವಿದ್ದರೆ ಸ್ಟ್ಯಾಂಡು ದೊಡ್ಡದಾಗಲಿ, 9 ಇದ್ದರೆ ಒಂದು ಬದಿಯ ಕಪಾಟು ಹೋಗಲಿ, ದಾರಿ ಮಾತ್ರ ಕಿರಿದಾಗಬಾರದು. ರಾಯದುರ್ಗದ ಅಂಗಡಿಯ ನಕ್ಷೆಯನ್ನೇ ಇನ್ನೊಂದು ಅಳತೆಯ ಮಳಿಗೆಗೆ ತುರುಕುವವರು ಕಪಾಟನ್ನು ಉಳಿಸಿಕೊಂಡು ದಾರಿಯನ್ನು ಕಳೆದುಕೊಳ್ಳುತ್ತಾರೆ.

ಬೆಳಕಿನ ವಿಷಯದಲ್ಲಿ ಪರೀಕ್ಷೆ ಬಲು ಸುಲಭ. ಗಿರಾಕಿ ಬಟ್ಟೆ ಹಿಡಿದು ಬಾಗಿಲಿಗೆ ಬಂದು ಬಿಸಿಲಿನಲ್ಲಿ ಬಣ್ಣ ನೋಡುತ್ತಿದ್ದರೆ ಒಳಗಿನ ದೀಪವನ್ನು ಅವರು ನಂಬಿಲ್ಲ ಎಂದರ್ಥ. ಅಗ್ಗದ ಎಲ್‌ಇಡಿ ಟ್ಯೂಬು ನೀಲಿ ಛಾಯೆಯ ಬೆಳಕು ಕೊಡುತ್ತದೆ, ಅದರಡಿ ಮರೂನ್ ಬಣ್ಣ ಕಂದಾಗಿ ಕಾಣುತ್ತದೆ, ಕಡು ನೀಲಿಗೂ ಕಪ್ಪಿಗೂ ಭೇದ ಗೊತ್ತಾಗುವುದಿಲ್ಲ. ದೀಪ ಬಣ್ಣವನ್ನು ಎಷ್ಟು ಸಾಚಾ ಆಗಿ ತೋರಿಸುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಳತೆಯಿದೆ, ಗರಿಷ್ಠ 100. ಸಾಮಾನ್ಯ ದೀಪಗಳಲ್ಲಿ ಅದು 80ರ ಸುತ್ತಮುತ್ತ. ಬಟ್ಟೆ ಅಂಗಡಿಗೆ 90ರ ಮೇಲಿನದು ಬೇಕು. ಎಲ್ಲ ಕಡೆ ಹಾಕಲಾಗದಿದ್ದರೆ ಕನ್ನಡಿಯ ಮುಂದೆ ಒಂದು ಹಾಕಿದರೂ ಬಾಗಿಲಿಗೆ ಓಡಾಟ ನಿಲ್ಲುತ್ತದೆ. ಮನೆಗೆ ಹೋದ ಮೇಲೆ ಬಣ್ಣ ಬೇರೆ ಕಂಡಿತೆಂದು ವಾಪಸು ತರುವ ಜಗಳವೂ ಕಡಿಮೆಯಾಗುತ್ತದೆ. ಆ ಜಗಳ ಬಗೆಹರಿಸಲು ಎರಡನೇ ಅಂಗಡಿಯಲ್ಲಿ ಮಾಲೀಕ ಇರುವುದಿಲ್ಲ ಎಂಬುದು ನೆನಪಿರಲಿ.

ಒಳಜೋಡಣೆಯನ್ನು ಯಾರು ಬೇಕಾದರೂ ನಕಲು ಮಾಡಬಹುದಲ್ಲ, ಅದು ಹೇಗೆ ನಮ್ಮ ಗುರುತಾದೀತು ಎಂಬುದು ಇನ್ನೊಂದು ಆಕ್ಷೇಪ. ದರ್ಶಿನಿಗಳ ಕಥೆ ಇದಕ್ಕೆ ಸಾಕ್ಷಿ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕಲ್ಪನೆಯಂತೆ ಶುರುವಾದ ಕೆಫೆ ದರ್ಶಿನಿಯಲ್ಲಿ ಟೋಕನ್ ಕೊಂಡು, ಕಣ್ಣೆದುರೇ ಇರುವ ಅಡುಗೆಮನೆಯಿಂದ ತಿಂಡಿ ಪಡೆದು, ನಿಂತು ತಿನ್ನುವ ವ್ಯವಸ್ಥೆ ಬಂತು. ಕೆಲವೇ ವರ್ಷಗಳಲ್ಲಿ ಊರೆಲ್ಲ ದರ್ಶಿನಿಗಳಾದವು, ಹೆಸರಿಗೆ ಒಡೆಯನೇ ಇಲ್ಲವಾಯಿತು. ಜೋಡಣೆಯೊಂದೇ ಗುರುತನ್ನು ಕಾಯದು ಎಂಬ ಪಾಠ ಇದರಲ್ಲಿದೆ, ಅದನ್ನು ಒಪ್ಪಬೇಕು. ಆದರೆ ನಕಲಾದದ್ದು ಏಕೆ ಎಂದೂ ಕೇಳಬೇಕು: ಆ ಜೋಡಣೆ ಅಪರಿಚಿತ ಗಿರಾಕಿಗೂ ಒಳಗೆ ಬಂದ ಕೂಡಲೇ ಏನು ಮಾಡಬೇಕೆಂದು ಹೇಳುತ್ತಿತ್ತು, ಅಡುಗೆ ಹೇಗಿದೆ ಎಂದು ತೋರಿಸುತ್ತಿತ್ತು. ಜೋಡಣೆ ಗಿರಾಕಿಯನ್ನು ಗಳಿಸುತ್ತದೆ, ಆ ಗಳಿಕೆಯನ್ನು ಒಂದು ಹೆಸರಿಗೆ ಕಟ್ಟಿಹಾಕುವುದು ಬೋರ್ಡು. ಒಂದನ್ನು ಬಿಟ್ಟು ಇನ್ನೊಂದು ಪೂರ್ತಿಯಲ್ಲ, ಆದರೆ ಸಾಲಿನಲ್ಲಿ ಮೊದಲು ನಿಲ್ಲುವುದು ಜೋಡಣೆ.

ಖರ್ಚಿನ ಮಾತೂ ಇಲ್ಲಿಗೇ ಬಂದು ನಿಲ್ಲುತ್ತದೆ. ಎರಡನೇ ಅಂಗಡಿ ತೆರೆಯುವವರು ಮೊದಲು ಮುಂಭಾಗಕ್ಕೆ ಸಾಲ ಮಾಡಿ ದುಡ್ಡು ಸುರಿದು, ಒಳಗೆ ಹಳೆಯ ಮೇಜು, ಹಳೆಯ ಟ್ಯೂಬುಗಳನ್ನು ಸಾಗಿಸುತ್ತಾರೆ. ಹೊಳೆಯುವ ಬೋರ್ಡು ನೋಡಿ ಬಂದವನು ಇಕ್ಕಟ್ಟಿನಲ್ಲಿ, ಬೆಲೆಯಿಲ್ಲದ ಬಟ್ಟೆಯ ಮುಂದೆ ನಿಂತರೆ ಬೋರ್ಡು ಅವನಿಗೆ ನೆನಪಿಸುವುದು ಆ ಅನುಭವವನ್ನೇ, ಮತ್ತು ಎರಡು ಊರಿನಲ್ಲೂ ನೆನಪಿಸುತ್ತದೆ. ಕೈಯಲ್ಲಿ ಇರುವುದು ಕಡಿಮೆ ದುಡ್ಡಾದರೆ ಬೆಲೆಯ ಚೀಟಿ ಮೊದಲು, 3 ಅಡಿಯ ದಾರಿ ಆಮೇಲೆ, ಕನ್ನಡಿಯ ಮುಂದಿನ ದೀಪ ಅದರ ನಂತರ. ಬೋರ್ಡಿಗೆ ಸದ್ಯಕ್ಕೆ ಒಂದೇ ಬಣ್ಣದ ನೆಲ, ಎರಡು ಲಿಪಿಯಲ್ಲಿ ಹೆಸರು ಇಷ್ಟಿದ್ದರೆ ಸಾಕು. ಕಂಪನಿಯವರು ಪುಕ್ಕಟೆ ಬೋರ್ಡು ಕೊಡಲು ಬಂದರೆ ಒಳಗಿನ ಗೋಡೆ ತೋರಿಸಿ, ಹೊರಗಿನದು ಬೇಡವೆನ್ನಿ.